ಕವರಿಂಗ್ ಲೆಟರ್ ಮೇಲ್‌ನಲ್ಲೇ ಬರೆಯಬೇಕೋ, ಅಟ್ಯಾಚ್ ಮಾಡಬೇಕೋ?

ಪ್ರಶ್ನೆ: ನಮಸ್ಕಾರ ಸರ್. ನಾನು ಗದಗ-ಬೆಟಗೇರಿಯವಳು. ಬಿ.ಕಾಂ ಮುಗಿಸಿ ಇಲ್ಲಿಯೇ ಒಬ್ಬ ಆಡಿಟರ್ ಆಫೀಸಿನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹುಬ್ಬಳ್ಳಿ ತಾರಿಹಾಳದ ಒಂದು ಫ್ಯಾಕ್ಟರಿಗೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕು ಅಂತ ಪೇಪರ್‌ನಲ್ಲಿ ಬಂದಿದೆ. ‘ರೆಸ್ಯೂಮ್ ಜೊತೆ ಕವರಿಂಗ್ ಲೆಟರ್ ಮೇಲ್ ಮಾಡಿ, ಪೋಸ್ಟ್ ಕೋಡ್ AE-02 ನಮೂದಿಸಿ’ ಅಂತಿದೆ. ಲೆಟರ್ ವರ್ಡ್‌ನಲ್ಲಿ ಮಾಡಿ ಅಟ್ಯಾಚ್ ಮಾಡು ಅಂತ ಗೆಳತಿ ಹೇಳುತ್ತಾಳೆ. ಮೇಲ್‌ನಲ್ಲೇ ಬರಿ, ಫೈಲ್ ಯಾರೂ ತೆಗೆಯುವುದಿಲ್ಲ ಅಂತ ಅಣ್ಣ ಹೇಳುತ್ತಾನೆ. ಯಾವುದು ಸರಿ? ಸಬ್ಜೆಕ್ಟ್‌ನಲ್ಲಿ ಏನು ಬರೆಯಲಿ? ಫೈಲ್‌ಗೆ ಏನಂತ ಹೆಸರಿಡಲಿ?
— ಸವಿತಾ ಬಿ., ಗದಗ

ಉತ್ತರ: ಸವಿತಾ ಅವರೇ, ಈ ಕೆಲಸದ ಮಟ್ಟಿಗೆ ನಿಮ್ಮ ಅಣ್ಣ ಹೇಳಿದ್ದೇ ಸರಿ. ಲೆಟರನ್ನು ಮೇಲ್‌ನ ಒಳಗೇ ಬರೆಯಿರಿ. ರೆಸ್ಯೂಮ್ ಒಂದನ್ನೇ ಪಿಡಿಎಫ್ ಮಾಡಿ ಅಟ್ಯಾಚ್ ಮಾಡಿ. ಹಾಗಂತ ನಿಮ್ಮ ಗೆಳತಿಯ ಮಾತನ್ನು ತೆಗೆದುಹಾಕಬೇಡಿ, ಬೇರೆ ಕಡೆ ಅದು ಬೇಕಾಗುತ್ತದೆ. ಎಲ್ಲಿ ಯಾವುದು ಅಂತ ಗೊತ್ತಾಗಬೇಕಾದರೆ, ನೀವು ಕಳಿಸಿದ ಮೇಲೆ ಆ ಅರ್ಜಿ ಯಾರ ಕೈಯಿಂದ ಯಾರ ಕೈಗೆ, ಯಾವ ರೂಪದಲ್ಲಿ ಹೋಗುತ್ತದೆ ಅಂತ ನೋಡಬೇಕು.

ಹುಬ್ಬಳ್ಳಿ-ಧಾರವಾಡದ ಸಣ್ಣ, ಮಧ್ಯಮ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವುದೇ ನನ್ನ ಕೆಲಸ. ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಕಡೆಯ ಯೂನಿಟ್‌ಗಳಲ್ಲಿ ನಾನು ನೋಡಿದ್ದು ಹೀಗೆ. ಜಾಹೀರಾತಿನ ಮೇಲ್ ಐಡಿ ಒಬ್ಬ ಅಡ್ಮಿನ್ ಅಥವಾ ಎಚ್‌ಆರ್ ಅವರ ಫೋನ್‌ನಲ್ಲಿ ಇರುತ್ತದೆ. ಅವರು ಅರ್ಜಿಗಳನ್ನು ಕಂಪ್ಯೂಟರ್ ಮುಂದೆ ಕೂತು ಒಂದೊಂದಾಗಿ ಓದುವುದು ಕಡಿಮೆ. ಗೇಟ್ ಹತ್ತಿರ ಲಾರಿ ಬಂದಿರುತ್ತದೆ, ಯಾರೋ ರಜೆ ಕೇಳುತ್ತಿರುತ್ತಾರೆ, ನಡುವೆ ಫೋನ್ ತೆಗೆದು ನೋಡುತ್ತಾರೆ. ಮೇಲ್ ತೆರೆದರೆ ಮೊದಲು ಕಾಣುವುದು ಒಳಗಿನ ಬರಹ. ಅದು ಸರಿ ಅನಿಸಿದರೆ ರೆಸ್ಯೂಮ್ ಮೇಲೆ ಒತ್ತುತ್ತಾರೆ. ಅದೂ ಸರಿ ಅನಿಸಿದರೆ ಅಕೌಂಟ್ಸ್ ಮ್ಯಾನೇಜರ್‌ಗೆ ಇಡೀ ಮೇಲನ್ನೇ ಫಾರ್ವರ್ಡ್ ಮಾಡುತ್ತಾರೆ. ಅಂದರೆ ನಿಮ್ಮ ಅರ್ಜಿ ಮೇಲ್ ಆಗಿಯೇ ಓಡಾಡುತ್ತದೆ. ಮೇಲ್‌ನಲ್ಲಿ ಬರೆದ ಲೆಟರ್ ಅದರ ಜೊತೆಯೇ ಮ್ಯಾನೇಜರ್ ತನಕ ಹೋಗುತ್ತದೆ.

ಇಂಥ ಕಡೆ ಲೆಟರನ್ನು ಬೇರೆ ಫೈಲ್ ಮಾಡಿ, ಮೇಲ್‌ನಲ್ಲಿ ‘ದಯವಿಟ್ಟು ಅಟ್ಯಾಚ್ ಮಾಡಿದ್ದನ್ನು ನೋಡಿ’ ಅಂತ ಒಂದೇ ಸಾಲು ಬರೆದರೆ ಏನಾಗುತ್ತದೆ? ಎರಡು ಫೈಲ್ ಕಾಣುತ್ತವೆ. ಓದುವವರು ಒತ್ತುವುದು ರೆಸ್ಯೂಮ್ ಅನ್ನು ಮಾತ್ರ. ಲೆಟರ್ ಹಾಗೇ ಉಳಿಯುತ್ತದೆ. ನೀವು ಯಾಕೆ ಗದಗ ಬಿಟ್ಟು ಹುಬ್ಬಳ್ಳಿಗೆ ಬರಲು ತಯಾರಿದ್ದೀರಿ ಅನ್ನೋ ಮುಖ್ಯ ಮಾತು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ನಿಮ್ಮ ಗೆಳತಿ ಹೇಳಿದ ರೀತಿ ಎಲ್ಲಿ ಸರಿ? ಅರ್ಜಿ ಕಾಗದ ಆಗುವ ಕಡೆ. ಧಾರವಾಡದಲ್ಲಿ ಟ್ರಸ್ಟ್‌ಗಳು ನಡೆಸುವ ಕಾಲೇಜುಗಳು ಬಹಳ ಇವೆ, ಅಲ್ವಾ? ಅಲ್ಲಿ ಕ್ಲರ್ಕ್ ಅಥವಾ ಉಪನ್ಯಾಸಕರ ಕೆಲಸಕ್ಕೆ ಮೇಲ್‌ನಲ್ಲಿ ಅರ್ಜಿ ಕರೆದರೂ, ಕೊನೆಗೆ ಆಫೀಸಿನವರು ಅದನ್ನು ಪ್ರಿಂಟ್ ತೆಗೆದು, ಟ್ಯಾಗ್ ಹಾಕಿ, ಫೈಲ್ ಮಾಡಿ ಕಮಿಟಿ ಮುಂದೆ ಇಡುತ್ತಾರೆ. ಸೊಸೈಟಿ, ಸಹಕಾರಿ ಬ್ಯಾಂಕ್‌ಗಳಲ್ಲೂ ಇದೇ ಪದ್ಧತಿ. ಮೇಲ್‌ನ ಬರಹವನ್ನು ಜಿಮೇಲ್‌ನಿಂದ ಪ್ರಿಂಟ್ ತೆಗೆದು ನೋಡಿ. ಮೇಲೆ ಜಿಮೇಲ್ ಲೋಗೋ, ಪ್ರಿಂಟ್ ತೆಗೆದವರ ಹೆಸರು, ಅವರ ಮೇಲ್ ಐಡಿ, ಎಷ್ಟು ಮೆಸೇಜ್ ಇವೆ ಅನ್ನೋ ಲೆಕ್ಕ, ಇವೆಲ್ಲ ಬಂದಿರುತ್ತವೆ. ಅದರ ಕೆಳಗೆ ನಿಮ್ಮ ಲೆಟರ್. ಕಮಿಟಿ ಮುಂದೆ ಇಡುವ ಕಾಗದದ ಹಾಗೆ ಅದು ಕಾಣುವುದಿಲ್ಲ. ಅಂಥ ಕಡೆ ವಿಳಾಸ, ತಾರೀಕು, ವಿಷಯ, ಸಹಿ ಇರುವ ಒಂದು ಪುಟದ ಲೆಟರನ್ನು ಪಿಡಿಎಫ್ ಮಾಡಿಯೇ ಕಳಿಸಬೇಕು. ಪ್ರಿಂಟ್ ತೆಗೆದು, ಸಹಿ ಮಾಡಿ, ಫೋನ್‌ನಲ್ಲಿ ಸ್ಕ್ಯಾನ್ ಮಾಡಿದರೂ ಸಾಕು. ಆದರೆ ಕಿಟಕಿ ಹತ್ತಿರ ಇಟ್ಟು ನೆರಳು ಬೀಳದ ಹಾಗೆ ತೆಗೆಯಿರಿ. ಬೂದು ಬಣ್ಣದ ಸ್ಕ್ಯಾನ್ ಪ್ರಿಂಟ್‌ನಲ್ಲಿ ಪೂರ್ತಿ ಕಪ್ಪಾಗಿ ಬರುತ್ತದೆ.

ಮೂರನೆಯದು ದೊಡ್ಡ ಕಂಪನಿಗಳ ವೆಬ್‌ಸೈಟ್. ಅಲ್ಲಿ ‘ಕವರ್ ಲೆಟರ್ ಅಪ್‌ಲೋಡ್’ ಅಂತ ಜಾಗವೇ ಇರುತ್ತದೆ. ಮೇಲ್ ಅನ್ನೋದೇ ಇಲ್ಲ, ಹಾಗಾಗಿ ಅಲ್ಲಿ ಫೈಲ್ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಜಾಹೀರಾತಿನಲ್ಲೇ ‘ಲೆಟರ್ ಅಟ್ಯಾಚ್ ಮಾಡಿ’ ಅಥವಾ ‘ಎಲ್ಲ ಸೇರಿಸಿ ಒಂದೇ ಪಿಡಿಎಫ್ ಕಳಿಸಿ’ ಅಂತ ಬರೆದಿದ್ದರೆ ನನ್ನ ಲೆಕ್ಕಾಚಾರ ಎಲ್ಲ ಬದಿಗಿಡಿ, ಅವರು ಹೇಳಿದ್ದನ್ನೇ ಮಾಡಿ. ಒಂದೇ ಪಿಡಿಎಫ್ ಅಂದರೆ ಮೊದಲ ಪುಟ ಲೆಟರ್, ಆಮೇಲೆ ರೆಸ್ಯೂಮ್, ಕೊನೆಗೆ ಮಾರ್ಕ್ಸ್ ಕಾರ್ಡ್. ನಿಮ್ಮ ಜಾಹೀರಾತಿನಲ್ಲಿ ‘ಜೊತೆ ಮೇಲ್ ಮಾಡಿ’ ಅಂತ ಮಾತ್ರ ಇದೆ. ಮೇಲ್‌ನಲ್ಲೇ ಬರೆದರೂ ಆ ಮಾತು ಪಾಲಿಸಿದ ಹಾಗೇ ಆಗುತ್ತದೆ.

ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಯಾವುದಕ್ಕೂ ಇರಲಿ ಅಂತ ಲೆಟರನ್ನು ಮೇಲ್‌ನಲ್ಲೂ ಹಾಕುತ್ತಾರೆ, ಅದನ್ನೇ ಫೈಲ್ ಮಾಡಿ ಅಟ್ಯಾಚ್ ಕೂಡ ಮಾಡುತ್ತಾರೆ. ಓದಿದ್ದನ್ನೇ ಮತ್ತೆ ಓದಿಸಿದರೆ ಯಾರಿಗಾದರೂ ಬೇಸರ. ಲೆಟರ್ ಫೈಲ್‌ನಲ್ಲಿ ಇದ್ದರೆ ಮೇಲ್‌ನಲ್ಲಿ ಮೂರ್ನಾಲ್ಕು ಸಾಲು ಸಾಕು: ಯಾವ ಹುದ್ದೆಗೆ ಅರ್ಜಿ, ನೀವು ಯಾರು, ಯಾವ ಯಾವ ಫೈಲ್ ಹಾಕಿದ್ದೀರಿ, ಫೋನ್ ನಂಬರ್. ಮೇಲ್ ಖಾಲಿ ಬಿಡುವುದಂತೂ ಬೇಡವೇ ಬೇಡ. ಬರೀ ಅಟ್ಯಾಚ್‌ಮೆಂಟ್ ಇರುವ ಖಾಲಿ ಮೇಲ್, ಗುರುತಿಲ್ಲದ ಐಡಿಯಿಂದ ಬಂದರೆ, ವೈರಸ್ ಇರಬಹುದು ಅಂತ ತೆರೆಯದೆ ಡಿಲೀಟ್ ಮಾಡುವವರಿದ್ದಾರೆ.

ಈಗ ನಿಮ್ಮದೇ ಮೇಲ್ ಬರೆಯೋಣ. ಮೇಲ್‌ನೊಳಗಿನ ಲೆಟರ್‌ಗೆ ವಿಳಾಸ, ತಾರೀಕು, ‘ಇಂದ’, ‘ಗೆ’ ಯಾವುದೂ ಬೇಡ. ಅವೆಲ್ಲ ಮೇಲ್‌ನ ತಲೆಯಲ್ಲೇ ಇರುತ್ತವೆ. ಸಂಬೋಧನೆ ಒಂದೇ ಸಾಲು. ನಮ್ಮ ಕಡೆ ‘ರೆಸ್ಪೆಕ್ಟೆಡ್ ಸರ್/ಮೇಡಂ’ ಅಂತ ಬರೆಯುವ ರೂಢಿ ಇದೆ. ಅದು ಹಳೇ ಶೈಲಿ ಅಂತ ಕೆಲವರು ಬೈಯುತ್ತಾರೆ, ನಾನಂತೂ ಅದಕ್ಕಾಗಿ ಯಾರನ್ನೂ ಬಿಟ್ಟಿಲ್ಲ.

ಅದಾದ ಕೂಡಲೇ ಬರುವ ಸಾಲು ಬಹಳ ಬೆಲೆಬಾಳುವ ಜಾಗ. ಫೋನ್‌ನ ಜಿಮೇಲ್‌ನಲ್ಲಿ ಮೇಲ್ ತೆರೆಯುವ ಮೊದಲೇ ಮೂರು ವಿಷಯ ಕಾಣುತ್ತವೆ. ಕಳಿಸಿದವರ ಹೆಸರು, ಅದರ ಕೆಳಗೆ ಸಬ್ಜೆಕ್ಟ್, ಅದರ ಕೆಳಗೆ ಬರಹದ ಮೊದಲ ಕೆಲವು ಪದಗಳು. ‘ತಮ್ಮ ಪ್ರತಿಷ್ಠಿತ ಸಂಸ್ಥೆಯು ಇಂಥ ಪತ್ರಿಕೆಯಲ್ಲಿ ಪ್ರಕಟಿಸಿದ ಜಾಹೀರಾತಿಗೆ ಸಂಬಂಧಿಸಿದಂತೆ’ ಅಂತ ಶುರು ಮಾಡಿದರೆ ಆ ಜಾಗ ಸುಮ್ನೆ ಹಾಳು. ಎಲ್ಲರ ಮೇಲ್‌ನಲ್ಲೂ ಅದೇ ಇರುತ್ತದೆ. ನೇರವಾಗಿ ವಿಷಯಕ್ಕೆ ಬನ್ನಿ. ನಿಮಗಾಗಿ ನಾನು ಹೀಗೆ ಬರೆಯುತ್ತೇನೆ. ಜಾಹೀರಾತು ಇಂಗ್ಲಿಷ್‌ನಲ್ಲಿದ್ದರೆ ಇದನ್ನೇ ಸರಳ ಇಂಗ್ಲಿಷ್‌ಗೆ ತನ್ನಿ.

> ಮಾನ್ಯರೇ,
>
> ನಾನು ಗದಗಿನ ಆಡಿಟರ್ ಆಫೀಸಿನಲ್ಲಿ ಎರಡು ವರ್ಷದಿಂದ ಟ್ಯಾಲಿ ಮತ್ತು ಜಿಎಸ್‌ಟಿ ಕೆಲಸ ನೋಡುತ್ತಿದ್ದೇನೆ. ನಿಮ್ಮ AE-02, ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ.
>
> ಈಗ ಹನ್ನೆರಡು ಗಿರಾಕಿಗಳ ಲೆಕ್ಕ ನನ್ನ ಕೈಯಲ್ಲಿದೆ. ಅವರ ಖರೀದಿ-ಮಾರಾಟದ ಬಿಲ್‌ಗಳನ್ನು ಟ್ಯಾಲಿಗೆ ಹಾಕುವುದು, ಪ್ರತಿ ತಿಂಗಳು ಜಿಎಸ್‌ಟಿಆರ್-1 ಮತ್ತು ಜಿಎಸ್‌ಟಿಆರ್-3ಬಿ ತಯಾರು ಮಾಡುವುದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು ನನ್ನ ಕೆಲಸ. ಇವರಲ್ಲಿ ಮೂವರು ಸಣ್ಣ ಕಾರ್ಖಾನೆಯವರು, ಹಾಗಾಗಿ ಕಚ್ಚಾ ಮಾಲು ಮತ್ತು ಸ್ಟಾಕ್ ಲೆಕ್ಕದ ರೂಢಿ ಇದೆ.
>
> ಆಯ್ಕೆಯಾದರೆ ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡು ಇರುತ್ತೇನೆ. ಈಗಿನ ಕೆಲಸ ಬಿಡಲು ಒಂದು ತಿಂಗಳು ಬೇಕು.
>
> ರೆಸ್ಯೂಮ್ ಅಟ್ಯಾಚ್ ಮಾಡಿದ್ದೇನೆ.
>
> ಸವಿತಾ ಬಿ.
> (ಮೊಬೈಲ್ ನಂಬರ್)

ಹನ್ನೆರಡು, ಮೂರು ಅಂತ ನಾನು ಹಾಕಿದ್ದು ಉದಾಹರಣೆಗೆ. ನಿಮ್ಮ ನಿಜವಾದ ಲೆಕ್ಕ ಹಾಕಿ. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅದರ ಮೇಲೆ ಬರುತ್ತದೆ.

ಇದರಲ್ಲಿ ಎರಡು ಸಾಲನ್ನು ಬೇಕಂತಲೇ ಹಾಕಿದ್ದೇನೆ. ಕಾರ್ಖಾನೆಯ ಸ್ಟಾಕ್ ಲೆಕ್ಕದ ಮಾತು ಒಂದು. ಆಡಿಟರ್ ಆಫೀಸಿನಿಂದ ಬಂದವರಿಗೆ ರಿಟರ್ನ್ ತುಂಬುವುದು ಚೆನ್ನಾಗಿ ಬರುತ್ತದೆ, ಫ್ಯಾಕ್ಟರಿಯ ದಿನದ ಲೆಕ್ಕ ಬರುವುದಿಲ್ಲ ಅನ್ನೋ ಅನುಮಾನ ಮ್ಯಾನೇಜರ್‌ಗಳಿಗೆ ಇದ್ದೇ ಇರುತ್ತದೆ. ಇನ್ನೊಂದು ಮನೆಯ ಮಾತು. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ‘ದಿನಾ ಅಪ್ ಅಂಡ್ ಡೌನ್ ಮಾಡ್ತಾರೇನ್ರಿ? ನಾಕ್ ತಿಂಗಳಿಗೆ ಬಿಟ್ಟು ಹೋಗ್ತಾರ ನೋಡ್ರಿ’ ಅಂತ ನನ್ನನ್ನು ಕೇಳುವವರು ಜಾಸ್ತಿ. ರೆಸ್ಯೂಮ್‌ನಲ್ಲಿ ಇದಕ್ಕೆ ಉತ್ತರ ಹೇಳಲು ಜಾಗವೇ ಇಲ್ಲ. ಲೆಟರ್ ಇರುವುದೇ ಇಂಥದ್ದಕ್ಕೆ. ನೀವು ರೈಲಿನಲ್ಲೇ ಓಡಾಡುವವರಾದರೆ ಅದನ್ನೇ ಬರೆಯಿರಿ, ಸಂಜೆ ಎಷ್ಟು ಹೊತ್ತಿನ ತನಕ ಇರಬಹುದು ಅಂತಲೂ ಸೇರಿಸಿ.

ಉದ್ದ ಇಷ್ಟು ಸಾಕು. ಫೋನ್‌ನಲ್ಲಿ ಒಂದೆರಡು ಸಲ ಬೆರಳಾಡಿಸುವಷ್ಟರಲ್ಲಿ ಮುಗಿಯಬೇಕು. ಇದಕ್ಕಿಂತ ಎರಡು ಪಟ್ಟು ಹೇಳುವುದಿದ್ದರೆ ಅದರಲ್ಲಿ ಅರ್ಧ ರೆಸ್ಯೂಮ್‌ಗೆ ಸೇರಿದ್ದು ಅಂತ ತಿಳಿಯಿರಿ.

ಲೆಟರನ್ನು ವರ್ಡ್‌ನಲ್ಲಿ ಬರೆದು ಮೇಲ್‌ಗೆ ಕಾಪಿ ಮಾಡುವುದಾದರೆ ಒಂದು ಜಾಗ್ರತೆ. ವರ್ಡ್‌ನ ಫಾಂಟ್, ಸೈಜ್, ಸಾಲಿನ ಅಂತರ ಎಲ್ಲ ಅದರ ಜೊತೆ ಬರುತ್ತದೆ. ಆಮೇಲೆ ನೀವು ಮೇಲ್‌ನಲ್ಲೇ ಒಂದು ಸಾಲು ಸೇರಿಸಿದರೆ ಅದು ಬೇರೆ ಅಕ್ಷರದಲ್ಲಿ ಕಾಣುತ್ತದೆ. ಇದು ಬೇರೆಯವರ ಲೆಟರ್‌ನಲ್ಲಿ ಹೆಸರು ಬದಲಿಸಿ ಕಳಿಸಿದ್ದು ಅಂತ ಓದುವವರಿಗೆ ಆಗಲೇ ಅನಿಸುತ್ತದೆ. ಕಂಪ್ಯೂಟರ್‌ನಲ್ಲಿ `Ctrl+V` ಬದಲು `Ctrl+Shift+V` ಒತ್ತಿ, ಬರೀ ಅಕ್ಷರ ಬರುತ್ತವೆ. ಟೇಬಲ್, ಬಣ್ಣ, ಗೆರೆ ಯಾವುದೂ ಬೇಡ.

ಕನ್ನಡದಲ್ಲೇ ಅರ್ಜಿ ಬರೆಯುವವರಿಗೆ ಇನ್ನೊಂದು ಮಾತು. ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಲೆಟರನ್ನು ಮೇಲ್‌ಗೆ ಕಾಪಿ ಮಾಡಿದರೆ ‘ಕನ್ನಡ’ ಅನ್ನೋದು `PÀ£ÀßqÀ` ಅಂತ ಬರುತ್ತದೆ. ನಿಮ್ಮ ಕಂಪ್ಯೂಟರ್‌ನ ವರ್ಡ್‌ನಲ್ಲಿ ಅದು ಸರಿಯಾಗೇ ಕಾಣುತ್ತಿರುತ್ತದೆ, ಅದೇ ಮೋಸ. ಆ ಫಾಂಟ್ ಇಲ್ಲದ ಕಡೆ ವರ್ಡ್ ಫೈಲ್ ಕಳಿಸಿದರೂ ಇದೇ ಗತಿ. ಮೇಲ್‌ನಲ್ಲಿ ಬರೆಯುವುದಾದರೆ ಯೂನಿಕೋಡ್‌ನಲ್ಲಿ, ಅಂದರೆ ಫೋನ್‌ನ ಕನ್ನಡ ಕೀಬೋರ್ಡ್‌ನಲ್ಲೇ ಟೈಪ್ ಮಾಡಿ. ನುಡಿಯಲ್ಲೇ ಆಗಬೇಕು ಅಂದರೆ ಪಿಡಿಎಫ್ ಮಾಡಿ ಅಟ್ಯಾಚ್ ಮಾಡಿ. ಪಿಡಿಎಫ್ ಮಾಡುವಾಗ ಸಾಮಾನ್ಯವಾಗಿ ಫಾಂಟ್ ಕೂಡ ಅದರೊಳಗೇ ಸೇರಿಕೊಳ್ಳುತ್ತದೆ. ಆದರೂ ಕಳಿಸುವ ಮೊದಲು ಬೇರೆಯವರ ಫೋನ್‌ನಲ್ಲಿ ಒಮ್ಮೆ ತೆರೆದು ನೋಡಿ.

ಸಬ್ಜೆಕ್ಟ್‌ಗೆ ಬರೋಣ. ಫೋನ್‌ನಲ್ಲಿ ಸಬ್ಜೆಕ್ಟ್ ಪೂರ್ತಿ ಕಾಣುವುದಿಲ್ಲ. ಫೋನ್ ನೋಡಿಕೊಂಡು ಸುಮಾರು 35-40 ಅಕ್ಷರ ಕಾಣುತ್ತವೆ, ಉಳಿದದ್ದು ಚುಕ್ಕೆ ಚುಕ್ಕೆ. ಅದಕ್ಕೇ ಕೋಡ್, ಹುದ್ದೆ, ಹೆಸರು, ಇದೇ ಕ್ರಮದಲ್ಲಿ ಮೊದಲು ಬರಬೇಕು. ಅನುಭವ, ಊರು ಆಮೇಲೆ ಬಂದರೂ ನಡೆಯುತ್ತದೆ, ಕಾಣದೆ ಹೋದರೂ ನಷ್ಟವಿಲ್ಲ.

```
AE-02 Accounts Executive - Savita B, 2 yrs Tally/GST, Gadag
```

ಎಣಿಸಿ ನೋಡಿ, ನಿಮ್ಮ ಹೆಸರು ಮುಗಿಯುವ ಹೊತ್ತಿಗೆ 35 ಅಕ್ಷರ. ‘ಅಪ್ಲಿಕೇಶನ್ ಫಾರ್ ದಿ ಪೋಸ್ಟ್ ಆಫ್’ ಅಂತ ಮೊದಲು ಬರೆದರೆ ಅದೇ 28 ಅಕ್ಷರ ತಿನ್ನುತ್ತದೆ. ಅರ್ಜಿಗೆಂದೇ ಇಟ್ಟ ಐಡಿಗೆ ಬಂದದ್ದು ಅರ್ಜಿಯೇ ಅಂತ ಅವರಿಗೆ ಗೊತ್ತಿದೆ.

ಕೋಡನ್ನು ಅವರು ಬರೆದ ಹಾಗೇ ಬರೆಯಿರಿ. AE-02 ಅಂದರೆ AE-02. `AE02` ಅಂತಲೋ `AE 2` ಅಂತಲೋ ಬೇಡ. ಕೋಡ್ ಕೇಳುವುದು ಶಿಸ್ತು ನೋಡಲಿಕ್ಕೆ ಅಂತ ಕೆಲವರು ತಿಳಿದಿದ್ದಾರೆ. ನಿಜವಾಗಿ ಅದು ಹುಡುಕಲಿಕ್ಕೆ. ಒಂದೇ ಐಡಿಗೆ ಸ್ಟೋರ್ ಕೀಪರ್, ಫಿಟ್ಟರ್, ಅಕೌಂಟ್ಸ್ ಎಲ್ಲ ಅರ್ಜಿಗಳೂ ಬಂದಿರುತ್ತವೆ. ಮ್ಯಾನೇಜರ್ ಕೇಳಿದ ದಿನ ಎಚ್‌ಆರ್‌ನವರು ಮೇಲ್‌ನ ಹುಡುಕುವ ಜಾಗದಲ್ಲಿ ಕೋಡ್ ಹೊಡೆಯುತ್ತಾರೆ. ಬಂದ ಪಟ್ಟಿಯಲ್ಲಿ ಇರುವವರು ಇದ್ದಾರೆ, ಇಲ್ಲದವರು ಇಲ್ಲ. ನಿಮ್ಮನ್ನು ಯಾರೂ ತಿರಸ್ಕಾರ ಮಾಡಿರುವುದಿಲ್ಲ, ನೀವು ಅವರಿಗೆ ಸಿಕ್ಕಿರುವುದೇ ಇಲ್ಲ. ಮೇಲ್‌ನ ಒಳಗೂ ಕೋಡ್ ಇರಲಿ ಅಂತ ಮೇಲಿನ ಮಾದರಿಯಲ್ಲಿ ಹಾಕಿದ್ದು ಇದಕ್ಕೇ. ಜಾಹೀರಾತಿನಲ್ಲಿ ಕೋಡ್ ಇಲ್ಲದಿದ್ದರೆ ಹುದ್ದೆಯ ಹೆಸರಿನಿಂದಲೇ ಶುರು ಮಾಡಿ, ಅದನ್ನೂ ಅವರು ಬರೆದ ಹಾಗೇ. ಅವರು ‘ಎಕ್ಸಿಕ್ಯೂಟಿವ್’ ಅಂದರೆ ನೀವು ‘ಅಸಿಸ್ಟೆಂಟ್’ ಅನ್ನಬೇಡಿ.

ಸಬ್ಜೆಕ್ಟ್‌ನಲ್ಲಿ `Fwd:` ಇದ್ದರೆ ಅಳಿಸಿ. ಇನ್ನೊಂದು ಕಂಪನಿಗೆ ಕಳಿಸಿದ ಮೇಲನ್ನೇ ಇಲ್ಲಿಗೂ ಫಾರ್ವರ್ಡ್ ಮಾಡುವವರು ಬಹಳ. ಕೆಳಗೆ ಹಳೇ ಕಂಪನಿಯ ಐಡಿ, ಕಳಿಸಿದ ತಾರೀಕು ಎಲ್ಲ ಎದ್ದು ಕಾಣುತ್ತಿರುತ್ತದೆ. ಪ್ರತಿ ಸಲವೂ ಹೊಸ ಮೇಲ್ ಶುರು ಮಾಡಿ. ‘ಅರ್ಜೆಂಟ್’ ಅಂತ ಬರೆಯುವುದು, ಎಲ್ಲ ದೊಡ್ಡ ಅಕ್ಷರದಲ್ಲಿ ಹೊಡೆಯುವುದು ಕೂಡ ಬೇಡ. ಹಾಗೇ ನಿಮ್ಮ ಜಿಮೇಲ್‌ನಲ್ಲಿ ಕಳಿಸುವವರ ಹೆಸರು ಏನಿದೆ ಅಂತ ನೋಡಿಕೊಳ್ಳಿ. ಕಾಲೇಜಿನಲ್ಲಿ ತಮಾಷೆಗೆ ಇಟ್ಟ ಹೆಸರೇ ಇದ್ದರೆ ಸಬ್ಜೆಕ್ಟ್‌ಗಿಂತ ಮೊದಲು ಅದೇ ಕಾಣುತ್ತದೆ.

ಈಗ ಫೈಲ್‌ನ ಹೆಸರು. ಮೇಲ್‌ನಿಂದ ಫೈಲ್ ಹೊರಗೆ ಬಂದ ಕ್ಷಣ, ಮೇಲ್‌ನಲ್ಲಿದ್ದ ಹೆಸರು, ಸಬ್ಜೆಕ್ಟ್, ಲೆಟರ್ ಎಲ್ಲ ಹಿಂದೆ ಉಳಿಯುತ್ತದೆ. ಫೈಲ್ ಜೊತೆ ಹೋಗುವುದು ಅದರ ಹೆಸರು ಒಂದೇ. ಸಂದರ್ಶನದ ಹಿಂದಿನ ದಿನ ಎಚ್‌ಆರ್‌ನವರ ಡೌನ್‌ಲೋಡ್ಸ್ ಫೋಲ್ಡರ್ ಹೀಗಿರುತ್ತದೆ:

```
Resume.pdf
Resume (1).pdf
Resume (2).pdf
my cv new final.docx
DOC-20240612-WA0004.pdf
```

ಮೊದಲ ಮೂರೂ ಬೇರೆ ಬೇರೆ ಜನರದ್ದು. ಒಂದೇ ಹೆಸರಿನ ಫೈಲ್ ಮತ್ತೆ ಬಂದಾಗ ಬ್ರೌಸರ್ ತಾನೇ ಒಂದು, ಎರಡು ಅಂತ ಸಂಖ್ಯೆ ಹಾಕುತ್ತದೆ. ಯಾರದ್ದು ಯಾವುದು ಅಂತ ಒಂದೊಂದಾಗಿ ತೆರೆದು ನೋಡಬೇಕು. ಕೊನೆಯದ್ದು ವಾಟ್ಸಾಪ್‌ನ ಹೆಸರು. ನಮ್ಮಲ್ಲಿ ರೆಸ್ಯೂಮ್ ಮಾಡಿಕೊಡುವುದು ಸೈಬರ್ ಸೆಂಟರ್‌ನವರು ಅಥವಾ ಗೆಳೆಯರು. ಅವರು ಅದನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅಲ್ಲಿಂದ ನೇರವಾಗಿ ಮೇಲ್‌ಗೆ ಹಾಕಿದರೆ ಇಂಥ ಹೆಸರು ಬರುವುದುಂಟು. ಅದರಲ್ಲಿ ತಾರೀಕು ಕೂಡ ಇದೆ, ನೋಡಿ. ರೆಸ್ಯೂಮ್ ಎಷ್ಟು ಹಳೆಯದು ಅಂತ ನೀವೇ ಬರೆದುಕೊಟ್ಟ ಹಾಗಾಯಿತು. ಮೊದಲು ಫೈಲನ್ನು ಫೋನ್‌ಗೆ ಇಳಿಸಿಕೊಂಡು, ಫೈಲ್ಸ್ ಆ್ಯಪ್‌ನಲ್ಲಿ ಹೆಸರು ಬದಲಿಸಿ, ಆಮೇಲೆ ಮೇಲ್‌ಗೆ ಹಾಕಿ.

ನಿಮ್ಮ ಫೈಲ್‌ನ ಹೆಸರು ಇಷ್ಟೇ:

```
Savita-B_Resume_AE-02.pdf
```

ಮೊದಲು ಹೆಸರು, ಯಾಕೆಂದರೆ ಫೋಲ್ಡರ್‌ನಲ್ಲಿ ಹುಡುಕುವುದು ಹೆಸರಿನಿಂದ. ನಿಮ್ಮದು ನಮ್ಮ ಕಡೆ ಬಹಳ ಜನರಿಗೆ ಇರುವ ಹೆಸರು, ಹಾಗಾಗಿ ಅಡ್ಡಹೆಸರನ್ನೂ ಪೂರ್ತಿ ಬರೆದರೆ ಇನ್ನೂ ಒಳ್ಳೆಯದು. ಕಾಲೇಜಿನ ಕೆಲಸಕ್ಕೆ ಲೆಟರನ್ನೂ ಹಾಕುವ ದಿನ ಬಂದರೆ ಅದಕ್ಕೆ `Savita-B_Covering-Letter.pdf` ಅಂತ ಇಡಿ. ಎರಡೂ ಒಂದೇ ಹೆಸರಿನಿಂದ ಶುರುವಾದರೆ ಫೋಲ್ಡರ್‌ನಲ್ಲಿ ಅಕ್ಕಪಕ್ಕ ಕೂರುತ್ತವೆ. ಹೆಸರಿನಲ್ಲಿ `final`, `new`, `latest` ಬೇಡ. ಕಂಪನಿಯ ಹೆಸರೂ ಬೇಡ, ಯಾಕೆಂದರೆ ಅದೇ ಫೈಲ್ ಮುಂದಿನ ಕಂಪನಿಗೆ ಹಳೇ ಹೆಸರಿನಲ್ಲೇ ಹೋಗಿಬಿಡುತ್ತದೆ.

ಕೆಲವು ಕೋಡ್‌ಗಳಲ್ಲಿ ಓರೆ ಗೆರೆ ಇರುತ್ತದೆ, `ACC/02` ಅನ್ನೋ ತರಹ. ವಿಂಡೋಸ್‌ನಲ್ಲಿ ಫೈಲ್‌ನ ಹೆಸರಿಗೆ `/` ಹಾಕಲು ಬಿಡುವುದಿಲ್ಲ. ಅಂಥಲ್ಲಿ ಫೈಲ್‌ಗೆ `ACC-02` ಅಂತ ಇಡಿ, ಸಬ್ಜೆಕ್ಟ್‌ನಲ್ಲಿ ಮಾತ್ರ ಅವರು ಕೊಟ್ಟ ಹಾಗೇ ಬರೆಯಿರಿ. ಹೆಸರಿನ ಕೊನೆಯ `.docx` ಅನ್ನು `.pdf` ಅಂತ ತಿದ್ದಿದರೆ ಫೈಲ್ ಪಿಡಿಎಫ್ ಆಗುವುದಿಲ್ಲ, ತೆರೆಯುವುದೇ ಇಲ್ಲ. ವರ್ಡ್‌ನಲ್ಲಿ `Save As` ಒತ್ತಿ `PDF` ಆರಿಸಿಕೊಳ್ಳಬೇಕು.

ಹೆಸರು ಸರಿ ಮಾಡಿದ ಮೇಲೂ ಒಂದು ಹೆಸರು ಒಳಗೆ ಉಳಿದಿರುತ್ತದೆ. ಇದನ್ನು ಬಹಳ ಜನ ನೋಡಿರುವುದಿಲ್ಲ. ಪಿಡಿಎಫ್‌ಗೆ ಫೈಲ್‌ನ ಹೆಸರು ಬಿಟ್ಟು ‘ಟೈಟಲ್’ ಅಂತ ಇನ್ನೊಂದು ಇರುತ್ತದೆ. ಕ್ರೋಮ್‌ನಲ್ಲಿ ಪಿಡಿಎಫ್ ತೆರೆದರೆ ಟ್ಯಾಬ್ ಮೇಲೆ ಕಾಣುವುದು ಈ ಟೈಟಲ್. ನೀವು ಗೆಳತಿಯ ರೆಸ್ಯೂಮ್ ತೆಗೆದುಕೊಂಡು ಅದರಲ್ಲೇ ನಿಮ್ಮ ವಿವರ ತುಂಬಿದ್ದರೆ, ಅವಳು ಟೈಟಲ್‌ನಲ್ಲಿ ತನ್ನ ಹೆಸರು ಹಾಕಿದ್ದರೆ, ಕೆಳಗೆ ಸವಿತಾ ಅಂತ ಇದ್ದರೂ ಟ್ಯಾಬ್ ಮೇಲೆ ಅವಳ ಹೆಸರೇ ಬರುತ್ತದೆ. ಒಮ್ಮೆ ಒಬ್ಬ ಮ್ಯಾನೇಜರ್ ನನಗೆ ಫೋನ್ ಮಾಡಿ, ‘ಇದ್ಯಾರದರಿ ರೆಸ್ಯೂಮು, ಮ್ಯಾಲ ಒಂದ್ ಹೆಸರು, ಒಳಗ ಒಂದ್ ಹೆಸರು?’ ಅಂತ ಕೇಳಿದ್ದರು. ಹುಡುಗನದ್ದು ಮೋಸವೇನೂ ಇರಲಿಲ್ಲ, ಆದರೆ ಅನುಮಾನವಂತೂ ಬಂದಾಗಿತ್ತು. ವರ್ಡ್‌ನಲ್ಲಿ `File`, ಆಮೇಲೆ `Info` ಒತ್ತಿ. ಬಲಗಡೆ `Title` ಮತ್ತು `Author` ಕಾಣುತ್ತವೆ. `Title`ನಲ್ಲಿ ನಿಮ್ಮ ಹೆಸರು ಹಾಕಿ, `Author`ನಲ್ಲಿ ಬೇರೆಯವರ ಹೆಸರಿದ್ದರೆ ತೆಗೆಯಿರಿ. ಆಮೇಲೆ ಹೊಸದಾಗಿ ಪಿಡಿಎಫ್ ಮಾಡಿ, ಕ್ರೋಮ್‌ಗೆ ಎಳೆದು ಹಾಕಿ ಟ್ಯಾಬ್ ನೋಡಿಕೊಳ್ಳಿ.

ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್ ಕೇಳದೆ ಹಾಕಬೇಡಿ. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಫೈಲ್ ಹೋಗುವುದಿಲ್ಲ, ಅದರ ಬದಲು ಡ್ರೈವ್ ಲಿಂಕ್ ಹೋಗುತ್ತದೆ. ಅನುಮತಿ ಕೊಟ್ಟಿರದಿದ್ದರೆ ಆ ಕಡೆಯವರಿಗೆ ಅದು ತೆರೆಯುವುದೂ ಇಲ್ಲ. ಅನುಮತಿ ಕೇಳಿ ಕಾಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಕಳಿಸುವಾಗ ಕ್ರಮ ತಿರುಗಾಮುರುಗಾ ಇರಲಿ. ಮೊದಲು ಫೈಲ್ ಹಾಕಿ, ಆಮೇಲೆ ಲೆಟರ್, ಆಮೇಲೆ ಸಬ್ಜೆಕ್ಟ್, ಎಲ್ಲಕ್ಕಿಂತ ಕೊನೆಗೆ ಅವರ ಐಡಿ. ಐಡಿ ಇಲ್ಲದ ಮೇಲ್ ಕೈ ತಪ್ಪಿ ಒತ್ತಿದರೂ ಹೋಗುವುದಿಲ್ಲ. ಮೊದಲ ಸಲ ಐಡಿ ಜಾಗದಲ್ಲಿ ನಿಮ್ಮ ಅಣ್ಣನ ಐಡಿ ಹಾಕಿ ಕಳಿಸಿ. ಅವರ ಫೋನ್‌ನಲ್ಲಿ ಹೆಸರು, ಸಬ್ಜೆಕ್ಟ್, ಮೊದಲ ಸಾಲು ಹೇಗೆ ಕಾಣುತ್ತದೆ, ಫೈಲ್ ತೆರೆಯುತ್ತದೆಯೇ ಅಂತ ನೋಡಿ. ಸರಿ ಇದ್ದರೆ ಅದನ್ನು ಫಾರ್ವರ್ಡ್ ಮಾಡಬೇಡಿ, ಹೊಸ ಮೇಲ್‌ನಲ್ಲಿ ಮತ್ತೆ ಹಾಕಿ ಕಂಪನಿಗೆ ಕಳಿಸಿ.

ದಿನದ ಬಗ್ಗೆ ಒಂದು ಮಾತು, ನೀವು ಅಕೌಂಟ್ಸ್‌ನವರು ಆದ್ದರಿಂದ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 ಕೊನೇ ದಿನ 11, ಜಿಎಸ್‌ಟಿಆರ್-3ಬಿ ಕೊನೇ ದಿನ 20. ನಿಮ್ಮ ಆಫೀಸಿನಲ್ಲೇ ಆ ದಿನಗಳಲ್ಲಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಫ್ಯಾಕ್ಟರಿಯ ಅಕೌಂಟ್ಸ್ ಮ್ಯಾನೇಜರ್ ಕೂಡ ಅಂದು ಯಾರ ರೆಸ್ಯೂಮ್ ಕೂಡ ತೆರೆಯುವುದಿಲ್ಲ. ಜಾಹೀರಾತಿನ ಕೊನೇ ತಾರೀಕು ದೂರ ಇದ್ದರೆ ಆ ಎರಡು ದಿನ, ಅದರ ಹಿಂದಿನ ದಿನ ಬಿಟ್ಟು ಕಳಿಸಿ.

ಅವರಿಂದ ಉತ್ತರ ಬಂದು, ಈಗಿನ ಸಂಬಳ ಎಷ್ಟು ಅಂತ ಕೇಳಿದರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ, ಸಬ್ಜೆಕ್ಟ್ ಮುಟ್ಟಬೇಡಿ. ಸಬ್ಜೆಕ್ಟ್ ಬದಲಿಸಿದರೆ ಜಿಮೇಲ್ ಅದನ್ನು ಬೇರೆ ಮಾತುಕತೆ ಅಂತ ತೆಗೆದುಕೊಳ್ಳುತ್ತದೆ, ನಿಮ್ಮ ಲೆಟರ್ ಒಂದು ಕಡೆ, ಸಂಬಳದ ಉತ್ತರ ಇನ್ನೊಂದು ಕಡೆ ಆಗುತ್ತದೆ. ವಾರ, ಹತ್ತು ದಿನ ಕಳೆದರೂ ಸುದ್ದಿ ಇಲ್ಲದಿದ್ದರೆ ನಿಮ್ಮ ಸೆಂಟ್ ಫೋಲ್ಡರ್‌ನಲ್ಲಿರುವ ಅದೇ ಮೇಲ್‌ಗೆ ರಿಪ್ಲೈ ಒತ್ತಿ ಎರಡು ಸಾಲು ಬರೆಯಿರಿ. ‘ಟು’ ಜಾಗದಲ್ಲಿ ಕಂಪನಿಯ ಐಡಿಯೇ ಇದೆಯೇ ಅಂತ ನೋಡಿಕೊಳ್ಳಿ. ಹಳೇ ಲೆಟರ್ ಕೆಳಗೆ ತಾನೇ ಬರುತ್ತದೆ, ಆದರೆ ರಿಪ್ಲೈ ಮಾಡಿದಾಗ ಅಟ್ಯಾಚ್‌ಮೆಂಟ್ ಬರುವುದಿಲ್ಲ. ರೆಸ್ಯೂಮನ್ನು ಮತ್ತೆ ಹಾಕಿಯೇ ಕಳಿಸಿ.